ಹೇಗೆ ಹೇಗೋ ಕಟ್ಟಿದ ಸಾಲಕ್ಕೆ ನಿಜವಾದ ಬಡ್ಡಿ ಎಷ್ಟು? ಸ್ಪ್ರೆಡ್‌ಶೀಟ್‌ನಲ್ಲಿ XIRR

ಮಲ್ಪೆಯಲ್ಲಿ ಮೀನು ವ್ಯಾಪಾರ ಮಾಡುವವರಿಗೆ ಪ್ರತಿ ತಿಂಗಳು ಒಂದೇ ಕಂತು ಕಟ್ಟುವುದು ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ ಉಂಟು, ಆಗ ಕೈಯಲ್ಲಿ ದುಡ್ಡು ಓಡುವುದಿಲ್ಲ. ಹಾಗಾಗಿ ಕೈಸಾಲ ಕೊಟ್ಟವರೂ "ಆದಾಗ ಕೊಡಿ, ವರ್ಷದೊಳಗೆ ಮುಗಿಸಿದರೆ ಆಯ್ತು" ಅನ್ನುತ್ತಾರೆ. ಲೆಕ್ಕ ಎಡವುವುದು ಅಲ್ಲೇ.

ಒಂದು ಉದಾಹರಣೆ ಮಾಡಿಕೊಳ್ಳೋಣ. 2025ರ ಜನವರಿ 10ಕ್ಕೆ ಒಂದು ಲಕ್ಷ ಸಾಲ, ಆಮೇಲೆ ಐದು ಸಲ ವಾಪಸ್. ಸಾಲ ಕೊಟ್ಟವರ ಕಡೆಯಿಂದ ಬರೆದರೆ ಹೋದ ದುಡ್ಡಿಗೆ ಮೈನಸ್, ಬಂದದ್ದಕ್ಕೆ ಪ್ಲಸ್.

```
     A            B
1    2025-01-10   -100000
2    2025-03-15     20000
3    2025-05-10     30000
4    2025-09-20     25000
5    2025-12-05     25000
6    2026-01-10     12000
```

ಬಂದದ್ದು ಒಟ್ಟು 1,12,000. ಒಂದು ಲಕ್ಷಕ್ಕೆ ಒಂದು ವರ್ಷದಲ್ಲಿ 12,000, ಅಂದರೆ 12% ಅಂತ ಎಲ್ಲರೂ ಹೇಳುತ್ತಾರೆ. ಆದರೆ ಒಂದು ಲಕ್ಷ ಪೂರಾ ವರ್ಷ ಸಾಲಗಾರರ ಹತ್ತಿರ ಇರಲೇ ಇಲ್ಲ ಅಲ್ವಾ? ಮೇ ತಿಂಗಳೊಳಗೆ ಅರ್ಧ ವಾಪಸ್ ಬಂದಾಗಿದೆ. ಈಗ ಖಾಲಿ ಇರುವ `E1` ಸೆಲ್‌ನಲ್ಲಿ ಇದನ್ನು ಹಾಕಿ:

```
=XIRR(B1:B6, A1:A6)
```

ಬರುವುದು ಸುಮಾರು 21.85%. ಸೆಲ್ ಅನ್ನು ಶೇಕಡಾವಾರಿಗೆ ಬದಲಿಸದಿದ್ದರೆ 0.2185 ಅಂತ ಕಾಣುತ್ತದೆ, ಗಾಬರಿ ಬೇಡ.

ಸುಮ್ನೆ ಉತ್ತರ ನಂಬುವ ಬದಲು ಬಾಕಿ ಎಳೆದು ನೋಡಿ. `C1`ನಲ್ಲಿ `=B1` ಹಾಕಿ, `C2`ನಲ್ಲಿ ಈ ಸೂತ್ರ ಹಾಕಿ ಕೆಳಗೆ ಎಳೆಯಿರಿ:

```
=C1*(1+$E$1)^((A2-A1)/365)+B2
```

ಮೊದಲ 64 ದಿನಕ್ಕೆ 3,526 ರೂಪಾಯಿ ಬಡ್ಡಿ ಸೇರಿ, 20,000 ಕಳೆದು, ಬಾಕಿ 83,526 ಆಗುತ್ತದೆ. ಮೇಯಲ್ಲಿ ಕಟ್ಟಿದ ಮೇಲೆ 56,097. ಆಮೇಲೆ ಸೆಪ್ಟೆಂಬರ್ 20ರವರೆಗೆ 133 ದಿನ ಏನೂ ಬರಲಿಲ್ಲ, ಆ ಒಂದು ಮಳೆಗಾಲದಲ್ಲೇ ಸುಮಾರು 4,189 ಬಡ್ಡಿ ಬೆಳೆದಿದೆ, ಇಡೀ ಬಡ್ಡಿಯ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಕೊನೆಯ ಸಾಲಿನಲ್ಲಿ ಬಾಕಿ ಸೊನ್ನೆಗೆ ಬರಬೇಕು. XIRR ಹುಡುಕುವುದು ಬಾಕಿಯನ್ನು ಸೊನ್ನೆಗೆ ತರುವ ಆ ದರವನ್ನೇ. ಎಕ್ಸೆಲ್ ಕೆಲವೊಮ್ಮೆ ದರ ಸಿಗದೆ ಸುಮ್ಮನೆ 0.00% ಹತ್ತಿರದ ಸಂಖ್ಯೆ ತೋರಿಸುವುದುಂಟು. ಆಗ ಈ C ಕಾಲಂ ಕೊನೆಯಲ್ಲಿ ಸೊನ್ನೆ ಆಗುವುದಿಲ್ಲ, ಗೊತ್ತಾಗಿಬಿಡುತ್ತದೆ. ಮೂರನೇ ಜಾಗದಲ್ಲಿ ಒಂದು ಅಂದಾಜು ದರ ಕೊಟ್ಟು, `=XIRR(B1:B6, A1:A6, 0.2)` ಅಂತ ಮತ್ತೆ ನೋಡಿ.

ಇಲ್ಲಿ IRR ಬಳಸಬೇಡಿ ಮಾರಾಯ್ರೆ. ಅದು ತಾರೀಕು ನೋಡುವುದೇ ಇಲ್ಲ, ಎಲ್ಲ ಕಂತಿನ ನಡುವೆ ಸಮಾನ ಅಂತರ ಅಂದುಕೊಳ್ಳುತ್ತದೆ. ಇದೇ ಅಂಕಿಗೆ ಅದು ಕೊಡುವುದು ಸುಮಾರು 4.16%, ಅದೂ ಒಂದು ಕಂತಿಗೆ. 56 ದಿನದ ಅಂತರಕ್ಕೂ 133 ದಿನದ ಅಂತರಕ್ಕೂ ಅದೇ ಲೆಕ್ಕ.

ನಿಜವಾದ ತಲೆನೋವು ತಾರೀಕು. ಶೀಟ್‌ನ ಲೊಕೇಲ್ ಅಮೆರಿಕದ್ದಾಗಿದ್ದರೆ 10/05/2025 ಅಂತ ಹಾಕಿದ್ದು ಅಕ್ಟೋಬರ್ 5 ಆಗುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ, ದರ ಮಾತ್ರ ತಪ್ಪುತ್ತದೆ. 15/03/2025 ಹಾಕಿದರೆ 15ನೇ ತಿಂಗಳು ಇಲ್ಲವಲ್ಲ, ಅದು ಬರೀ ಅಕ್ಷರವಾಗಿ ಸೆಲ್‌ನ ಎಡಕ್ಕೆ ಅಂಟಿಕೊಂಡು ಕೂರುತ್ತದೆ, ಎಕ್ಸೆಲ್‌ನಲ್ಲಿ `#VALUE!` ಬರುತ್ತದೆ. ಎರಡನೆಯದು ವಾಸಿ, ಕಡೇಪಕ್ಷ ಕೂಗಿ ಹೇಳುತ್ತದೆ. ಮೇಲೆ ಇರುವಂತೆ ವರ್ಷ ಮೊದಲು ಬರೆಯಿರಿ, ಇಲ್ಲವೇ `=DATE(2025,5,10)`. `#NUM!` ಬಂದರೆ ಮೊದಲು ಮೈನಸ್ ಮರೆತಿದೆಯಾ ನೋಡಿ, ಆಮೇಲೆ ಮೊದಲ ಸಾಲಿಗಿಂತ ಹಿಂದಿನ ತಾರೀಕು ಎಲ್ಲಾದರೂ ನುಸುಳಿದೆಯಾ ನೋಡಿ.

ತಿಂಗಳ ದರ ಬೇಕಿದ್ದರೆ 12ರಿಂದ ಭಾಗಿಸಬೇಡಿ. 21.85% ಚಕ್ರಬಡ್ಡಿ ಸೇರಿದ ವಾರ್ಷಿಕ ದರ. `=(1+E1)^(1/12)-1` ಹಾಕಿದರೆ ಸುಮಾರು 1.66% ಬರುತ್ತದೆ. ಊರಿನ ಮಾತಿನಲ್ಲಿ ನೂರಕ್ಕೆ ಒಂದೂವರೆ ರೂಪಾಯಿಗಿಂತ ಸ್ವಲ್ಪ ಮೇಲೆ.

ಇನ್ನೊಂದು ಉಂಟು. ಕಾಗದಪತ್ರದ ಖರ್ಚು ಅಂತ ಮೊದಲೇ 2,000 ಹಿಡಿದುಕೊಂಡು 98,000 ಮಾತ್ರ ಕೈಗೆ ಕೊಟ್ಟರು ಅಂತಿಟ್ಟುಕೊಳ್ಳಿ. ಆಗ `B1`ನಲ್ಲಿ -98000 ಹಾಕಬೇಕು, ಪತ್ರದಲ್ಲಿ ಏನೇ ಬರೆದಿರಲಿ. ಉಳಿದದ್ದೆಲ್ಲ ಹಾಗೇ ಇದ್ದರೂ ದರ ಸುಮಾರು 26.3%ಕ್ಕೆ ಏರುತ್ತದೆ. ಆದರೆ ಆ 2,000 ಸಾಲ ಕೊಟ್ಟವರ ಕೈಗೆ ಸೇರದೆ ಸ್ಟ್ಯಾಂಪ್ ಪೇಪರ್, ನೋಟರಿಗೆ ಹೋಗಿದ್ದರೆ ಅವರ ಗಳಿಕೆ ಅದೇ 21.85%, ಸಾಲಗಾರರಿಗೆ ಬಿದ್ದ ದರ ಮಾತ್ರ 26.3%. ಯಾರ ಕಡೆಯ ಲೆಕ್ಕ ಅಂತ ಶೀಟ್‌ನ ತಲೆಯಲ್ಲೇ ಬರೆದಿಡಿ.