ಅಂಧರಿಗೆಂದು ಇಟ್ಟ ಬಾಗಿಲು, ಅದರಲ್ಲೇ ನುಗ್ಗಿದ ಕಳ್ಳ

ನಿಗಡಿಯಲ್ಲಿರುವ ನಮ್ಮ ಕಾಕಾ ವಿಜಯಪುರದ ಕಡೆಯಿಂದ ಪುಣೆಗೆ ಬಂದು ನಲವತ್ತು ವರ್ಷ ದಾಟಿತು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದದ್ದು ಒಂದು ಸ್ಕೂಟರ್, ಒಂದು ಮೊಬೈಲ್. ಮಳೆಗಾಲದ ಒಂದು ಸಂಜೆ ಪರಿಚಿತರೊಬ್ಬರ ನಂಬರಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಡತ ಬಂದಿತು: RTO Challan.apk. ಪುಣೆಯಲ್ಲಿ ಸ್ಕೂಟರ್ ಓಡಿಸುವವನಿಗೆ ಚಲನ್ ಬಂದರೆ ಅನುಮಾನ ಹುಟ್ಟುವುದಿಲ್ಲ, ಬರದಿದ್ದರೆ ಹುಟ್ಟಬೇಕು. ಕಳಿಸಿದ ಪರಿಚಿತರಿಗೆ ಅದರ ಸುಳಿವೇ ಇರಲಿಲ್ಲ. ಅವರ ಮೊಬೈಲ್ ಅದಕ್ಕೂ ಮೊದಲೇ ಕಳ್ಳರ ವಶವಾಗಿತ್ತು.

ಹೆಸರಿನ ಕೊನೆಗೆ apk ಇದ್ದರೆ ಅದು ಮೊಬೈಲಿಗೆ ಆ್ಯಪ್ ಹಾಕುವ ಕಡತ. ಕಾಕಾ ಅದನ್ನು ಒತ್ತಿದರು. ತೆರೆದ ಆ್ಯಪ್ ‘ಅಪ್‌ಡೇಟ್ ಮಾಡಿ’ ಎಂದಿತು, ಮಾಡಿದರು. ಬಳಿಕ ಅದು ಅವರನ್ನು ಸೆಟ್ಟಿಂಗ್ಸ್‌ನಲ್ಲಿ ಅಂಗವಿಕಲರ ನೆರವಿಗೆಂದು ಇಟ್ಟ Accessibility ಪುಟಕ್ಕೆ ಕರೆದೊಯ್ದು, ಇಂಥ ಹೆಸರಿನ ಎದುರಿನ ಗುಂಡಿಯನ್ನು ಜಾರಿಸಿ ಎಂದು ಬಾಣದ ಗುರುತು ಹಾಕಿ ತೋರಿಸಿತು. ಜಾರಿಸಿದಾಗ ಎದುರಾದದ್ದೇ ಈ ಲೇಖನಕ್ಕೆ ಕಾರಣವಾದ ಪರದೆ.

ಆಂಡ್ರಾಯ್ಡ್‌ನ ಈಚಿನ ಆವೃತ್ತಿಗಳಲ್ಲಿ ಆ ಪರದೆ ನೇರವಾಗಿಯೇ ಕೇಳುತ್ತದೆ: ಈ ಆ್ಯಪ್‌ಗೆ ನಿಮ್ಮ ಸಾಧನದ full control ಕೊಡಬೇಕೇ? ಕೆಳಗೆ ಎರಡು ಮಾತುಗಳಿರುತ್ತವೆ. ಮೊದಲನೆಯದು, ಪರದೆಯ ಮೇಲಿರುವ ಎಲ್ಲವನ್ನೂ ಇದು ಓದಬಲ್ಲದು, ಬೇರೆ ಆ್ಯಪ್‌ಗಳ ಮೇಲೆ ತನ್ನದನ್ನು ಹೊದಿಸಬಲ್ಲದು. ಎರಡನೆಯದು, ನೀವು ಏನು ಮಾಡುತ್ತೀರಿ ಎಂದು ಗಮನಿಸಿ ನಿಮ್ಮ ಪರವಾಗಿ ತಾನೇ ಒತ್ತಬಲ್ಲದು. ಅಂಗವಿಕಲರಿಗೆ ನೆರವಾಗುವ ಆ್ಯಪ್‌ಗಳಿಗೆ ಈ ಅಧಿಕಾರ ಸರಿ, ಹೆಚ್ಚಿನ ಆ್ಯಪ್‌ಗಳಿಗೆ ಅಲ್ಲ ಎಂದೂ ಅಲ್ಲಿ ಬರೆದಿರುತ್ತದೆ. ಇಷ್ಟು ಸ್ಪಷ್ಟವಾಗಿ ಎಚ್ಚರಿಸುವ ಅನುಮತಿ ಪರದೆ ಮೊಬೈಲಿನಲ್ಲಿ ಇನ್ನೊಂದಿಲ್ಲ. ಆದರೆ ಕ್ಯಾಮೆರಾ, ಸಂಪರ್ಕ ಪಟ್ಟಿ, ಸ್ಥಳ ಎಂದು ದಿನವೂ ಹತ್ತಾರು ಕಡೆ Allow ಒತ್ತಿ ರೂಢಿಯಾದ ಬೆರಳು ಓದಲು ನಿಲ್ಲುವುದಿಲ್ಲ.

ಇಂಥ ಅಪಾಯದ ಬಾಗಿಲನ್ನು ಇಟ್ಟವರಾದರೂ ಏಕೆ? ಅದರ ಕಥೆಯ ಒಂದು ಎಳೆ ಪುಣೆಗೇ ಬರುತ್ತದೆ. ಇಲ್ಲಿ ಬೆಳೆದು, ಹದಿಹರೆಯದಲ್ಲಿ ದೃಷ್ಟಿ ಕಳೆದುಕೊಂಡು, ಪುಣೆ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದ ಟಿ. ವಿ. ರಾಮನ್ ಮುಂದೆ ಗೂಗಲ್ ಸೇರಿ, ಕಣ್ಣಿಲ್ಲದವರೂ ಬಳಸುವಂತೆ ಆಂಡ್ರಾಯ್ಡ್ ಅನ್ನು ರೂಪಿಸಿದವರಲ್ಲಿ ಒಬ್ಬರಾದರು. 2009ರ ಆಂಡ್ರಾಯ್ಡ್ 1.6ರಲ್ಲಿ ಈ ಸೌಲಭ್ಯ ಮೊದಲು ಬಂದಿತು, ಜೊತೆಗೆ ಟಾಕ್‌ಬ್ಯಾಕ್ ಎಂಬ ಪರದೆ ಓದುವ ಆ್ಯಪ್ ಕೂಡ. ಮೊಬೈಲ್ ಆಗ ಬರೀ ಓದಿ ಹೇಳುತ್ತಿತ್ತು. 2012ರ 4.1 ಆವೃತ್ತಿಯಿಂದ ಅದು ಬಳಕೆದಾರನ ಬದಲು ಗುಂಡಿ ಒತ್ತುವುದನ್ನು ಕಲಿಯಿತು. 2016ರ 7.0ರಲ್ಲಿ ಬೆರಳು ಜಾರಿಸುವುದು, ಹಿಡಿದೆಳೆಯುವುದನ್ನೂ ಅನುಕರಿಸತೊಡಗಿತು. ಕೈ ಆಡದವರಿಗೆ, ಧ್ವನಿಯಿಂದಲೇ ಮೊಬೈಲ್ ನಡೆಸುವವರಿಗೆ ಇದು ಬೇಕೇ ಬೇಕು. ಕಣ್ಣು ಮೊದಲು, ಕೈ ಆಮೇಲೆ, ಹೀಗೆ ಎರಡೂ ಒಂದೇ ಅನುಮತಿಯೊಳಗೆ ಬಂದು ಕೂತವು.

ಕಳ್ಳರಿಗೆ ಈ ಕಣ್ಣು ಮತ್ತು ಕೈ ಏಕೆ ಬೇಕಾದವು ಎಂಬುದು ಬ್ಯಾಂಕುಗಳ ಕಡೆಯ ಕಥೆ. ಹಿಂದೆ ಪಾಸ್‌ವರ್ಡ್ ಮತ್ತು ಒಟಿಪಿ ಕದ್ದರೆ ಸಾಕಿತ್ತು, ಕಳ್ಳ ತನ್ನ ಕಂಪ್ಯೂಟರಿನಲ್ಲೇ ಕೂತು ಹಣ ಎತ್ತುತ್ತಿದ್ದ. ಆಮೇಲೆ ಯುಪಿಐ ಬಂದಿತು. ಅದರ ನೋಂದಣಿ ನಿಮ್ಮ ಸಿಮ್‌ಗೂ ನಿಮ್ಮ ಮೊಬೈಲಿಗೂ ಗಂಟು ಬಿದ್ದಿರುತ್ತದೆ. ಪಿನ್ ಗೊತ್ತಾದರೂ ಬೇರೆ ಮೊಬೈಲಿನಿಂದ ಅದನ್ನು ಬಳಸಲಾಗುವುದಿಲ್ಲ. ಹಾಗಾಗಿ ಕಳ್ಳ ನಿಮ್ಮ ಮೊಬೈಲಿನೊಳಗೇ ಬರಬೇಕಾಯಿತು. ಬಂದರೆ ಬ್ಯಾಂಕಿಗೆ ಕಾಣುವುದು ಅದೇ ಸಿಮ್, ಅದೇ ಮೊಬೈಲ್, ಎಂದಿನ ಜಾಗ. ಅದಕ್ಕೆ ಸಂಶಯ ಪಡಲು ಏನೂ ಇರುವುದಿಲ್ಲ.

Allow ಒತ್ತಿದ ಮೇಲೆ ಇಂಥ ಆ್ಯಪ್ ಮೊದಲು ಮಾಡುವ ಕೆಲಸ ಹಣ ಕದಿಯುವುದಲ್ಲ. ಎಸ್‌ಎಂಎಸ್ ಓದುವುದು, ಕರೆ ನಿರ್ವಹಿಸುವುದು ಮೊದಲಾದ ಉಳಿದ ಅನುಮತಿಗಳ ಪೆಟ್ಟಿಗೆಗಳನ್ನು ತಾನೇ ತೆರೆದು, ತಾನೇ Allow ಒತ್ತಿಕೊಳ್ಳುತ್ತದೆ. ನೀವು ಬ್ಯಾಂಕಿನ ಆ್ಯಪ್ ತೆರೆದಾಗ ಅದರ ಮೇಲೆ ಹಾಗೆಯೇ ಕಾಣುವ ತನ್ನ ಪುಟ ಹೊದಿಸಿ ಪಿನ್ ಪಡೆಯುತ್ತದೆ. ಕೆಲವು ಆ್ಯಪ್‌ಗಳು ಪರದೆಯನ್ನು ಪೂರ್ತಿ ಕಪ್ಪಾಗಿಸಿ ಅದರ ಹಿಂದೆ ವ್ಯವಹಾರ ನಡೆಸುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆಯಲು ಬರುವುದಿಲ್ಲವಲ್ಲ ಎಂದು ನೆಮ್ಮದಿಯಿಂದ ಇರುವಂತಿಲ್ಲ. ಆ ತಡೆ ಇರುವುದು ಚಿತ್ರಕ್ಕೆ. ಈ ಅನುಮತಿ ಪಡೆದವರಿಗೆ ಸಿಗುವುದು ಪರದೆಯ ಅಕ್ಷರಗಳು, ಗುಂಡಿಗಳ ಹೆಸರುಗಳು.

ಕಾಕಾನಿಗೆ ಸುಳಿವು ಸಿಕ್ಕಿದ್ದು ಒಂದು ಸಣ್ಣ ಸಂಗತಿಯಿಂದ. ಬೇಡವೆನಿಸಿ ಆ್ಯಪ್ ತೆಗೆಯಲು ಹೋದರೆ ಸೆಟ್ಟಿಂಗ್ಸ್ ಪುಟ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಮೂರು ಸಲ ಹಾಗಾಯಿತು. ಪಕ್ಕದ ಮನೆಯ ಮೊಬೈಲಿನಿಂದ ನನಗೆ ಕರೆ ಮಾಡಿ, “ತಮ್ಮಾ, ಮನೆಯೊಳಗೆ ಯಾರೋ ಇದ್ದು ಬಾಗಿಲು ನೂಕಿದ ಹಾಗೆ ಆಗುತ್ತಿದೆ” ಎಂದರು. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ‘Uninstall’ ಎಂಬ ಅಕ್ಷರ ಪರದೆಯ ಮೇಲೆ ಕಂಡ ಕ್ಷಣ ಆ ಆ್ಯಪ್ ಹಿಂದಿನ ಪುಟಕ್ಕೆ ಹೋಗುವ ಗುಂಡಿ ಒತ್ತುತ್ತಿತ್ತು.

ವೈಫೈ ಪೆಟ್ಟಿಗೆಯ ವೈರು ಕಿತ್ತು ಸಿಮ್ ಹೊರತೆಗೆಯಿರಿ ಎಂದೆ. ಇಂಟರ್ನೆಟ್ ಹೋದರೆ ಆಚೆಯಿಂದ ನಡೆಸುವವನ ಕೈ ತುಂಡಾಗುತ್ತದೆ. ಅದೇ ನೆರೆಮನೆಯ ಮೊಬೈಲಿನಿಂದ ಬ್ಯಾಂಕಿಗೂ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಹೋಯಿತು. ರಾತ್ರಿ ನಾನು ಹೋಗಿ ಮೊಬೈಲನ್ನು ಸೇಫ್ ಮೋಡ್‌ನಲ್ಲಿ ಶುರು ಮಾಡಿದೆ. ಹೆಚ್ಚಿನ ಮೊಬೈಲುಗಳಲ್ಲಿ Power off ಗುರುತನ್ನು ಒತ್ತಿ ಹಿಡಿದರೆ ಅದು ಬರುತ್ತದೆ. ಆ ಸ್ಥಿತಿಯಲ್ಲಿ ನಾವು ಹಾಕಿಕೊಂಡ ಆ್ಯಪ್ ಯಾವುದೂ ಏಳುವುದಿಲ್ಲ, ಹಾಗಾಗಿ ಪುಟ ಮುಚ್ಚಲು ಯಾರೂ ಇರುವುದಿಲ್ಲ. ಆ್ಯಪ್ ಹೋಯಿತು. ಆದರೂ ಮೊಬೈಲನ್ನು ಪೂರ್ತಿ ಅಳಿಸಿ, ಪಿನ್‌ಗಳನ್ನು ಬದಲಿಸಿದೆವು. ಹಣ ಹೋಗಿರಲಿಲ್ಲ. ನಾಲ್ಕು ತಾಸು ತಡವಾಗಿದ್ದರೆ ಏನಾಗುತ್ತಿತ್ತೋ.

ಗೂಗಲ್ ಸುಮ್ಮನೆ ಕೂತಿರಲಿಲ್ಲ. ಅಂಗವಿಕಲರಿಗೆ ಸಂಬಂಧವಿಲ್ಲದೆ ಈ ಸೌಲಭ್ಯ ಬಳಸುವ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆಯುತ್ತೇವೆಂದು 2017ರ ನವೆಂಬರಿನಲ್ಲಿ ಹೇಳಿ, ಗದ್ದಲವೆದ್ದ ಮೇಲೆ ಡಿಸೆಂಬರಿನಲ್ಲಿ ತಡೆಹಿಡಿಯಿತು. ಪಾಸ್‌ವರ್ಡ್ ತುಂಬಿಕೊಡುವಂಥ ಒಳ್ಳೆಯ ಆ್ಯಪ್‌ಗಳೂ ಅದೇ ಬಾಗಿಲಲ್ಲಿ ಓಡಾಡುತ್ತಿದ್ದವು. 2022ರ ಆಂಡ್ರಾಯ್ಡ್ 13ರಲ್ಲಿ ಗಟ್ಟಿ ಬೀಗ ಬಂದಿತು: ವಾಟ್ಸ್‌ಆ್ಯಪ್‌ನಂಥ ಕಡೆಯಿಂದ ಬಂದ ಕಡತವನ್ನು ಹಾಗೇ ಹಾಕಿಕೊಂಡರೆ ಈ ಗುಂಡಿ ಮಂಕಾಗಿರುತ್ತದೆ, Restricted setting ಎಂಬ ಸೂಚನೆ ಬರುತ್ತದೆ. ಕಳ್ಳರು ಅದೇ ವರ್ಷ ದಾರಿ ಹುಡುಕಿದರು. ಮೊದಲ ಆ್ಯಪ್ ಬರೀ ಹೊರೆಯಾಳು. ‘ಅಪ್‌ಡೇಟ್’ ಹೆಸರಿನಲ್ಲಿ ಅದು ಎರಡನೆಯದನ್ನು ಆ್ಯಪ್ ಸ್ಟೋರುಗಳು ಹಾಕುವ ವಿಧಾನದಲ್ಲಿ ಹಾಕುತ್ತದೆ, ಮೊಬೈಲ್ ಅದನ್ನು ಅಂಗಡಿಯ ಸರಕೆಂದು ನಂಬುತ್ತದೆ. ಕಾಕಾನ ಮೊಬೈಲಿನಲ್ಲಿ ಬೀಗ ಬೀಳದಿದ್ದುದನ್ನು ನೋಡಿದರೆ ಆ ‘ಅಪ್‌ಡೇಟ್’ ಇದೇ ಇರಬೇಕು. ಸಂಪರ್ಕ ಪಟ್ಟಿಯಲ್ಲಿಲ್ಲದವರ ಜೊತೆ ಕರೆಯಲ್ಲಿರುವಾಗ ಈ ಅನುಮತಿ ಕೊಡಲಾಗದಂತೆ ಆಂಡ್ರಾಯ್ಡ್ 16 ತಡೆಯುತ್ತದೆ. ಆದರೆ ಕಾಕಾನ ಜೊತೆ ಯಾರೂ ಮಾತಾಡಲೇ ಇಲ್ಲ, ಒಂದು ಬಾಣದ ಗುರುತು ಸಾಕಾಯಿತು.

ಇನ್ನು ಬ್ಯಾಂಕುಗಳು. ಗೊತ್ತಿಲ್ಲದ ಆ್ಯಪ್‌ಗೆ ಈ ಅನುಮತಿ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆದುಕೊಳ್ಳುವುದೇ ಇಲ್ಲ. ಕಾಕಾನಂಥವರಿಗೆ ಅದು ಒಳ್ಳೆಯದೇ. ಕೊಥ್ರೂಡ್‌ನಲ್ಲಿರುವ ನನ್ನ ಧಾರವಾಡದ ಗೆಳೆಯನಿಗೆ ಕಣ್ಣು ಕಾಣುವುದಿಲ್ಲ. ಟಾಕ್‌ಬ್ಯಾಕ್‌ಗಿಂತ ಚುರುಕೆಂದು ಅವನು ಬೇರೊಂದು ಓದುವ ಆ್ಯಪ್ ಬಳಸುತ್ತಾನೆ. ಅವನ ಬ್ಯಾಂಕಿನ ಆ್ಯಪ್ ಅದನ್ನು ಅಪಾಯಕಾರಿ ಎಂದು ಗುರುತಿಸಿ, ಅದನ್ನು ಆಫ್ ಮಾಡಿ ಬನ್ನಿ ಎನ್ನುತ್ತದೆ. ಆ ಸೂಚನೆಯನ್ನು ಅವನಿಗೆ ಓದಿ ಹೇಳುವುದೂ ಅದೇ ಆ್ಯಪ್. ಹಣ ಕಳಿಸಬೇಕಾದಾಗ ಅವನು ಈಗಲೂ ಬಸ್ಸು ಹತ್ತಿ ಶಾಖೆಗೆ ಹೋಗಿ ಸರದಿಯಲ್ಲಿ ನಿಲ್ಲುತ್ತಾನೆ.