ಪಾರ್ಸೆಲ್ ಹುಡುಗ ಡಯಲ್ ಮಾಡಿಸುವ 21

"ಮೇಡಂ, ನಿಮ್ ಪಾರ್ಸೆಲ್ ತಂದೀನಿ, ಮನೆ ಸಿಗವಲ್ದು. ನಿಮ್ ಏರಿಯಾದ ಹುಡುಗನ ನಂಬರ್ ಮೆಸೇಜ್ ಮಾಡೀನಿ, ಹಂಗೇ ಡಯಲ್ ಮಾಡ್ರಿ."

ದಾವಣಗೆರೆ ವಿದ್ಯಾನಗರದ ನಿವೃತ್ತ ಶಿಕ್ಷಕಿಯೊಬ್ಬರಿಗೆ ಬಂದ ಕರೆ ಇದು. ಸೀರೆ ತರಿಸಿದ್ದರು, ಹಾಗಾಗಿ ಅನುಮಾನ ಬರಲಿಲ್ಲ. ಮೆಸೇಜಿನಲ್ಲಿ ಇದ್ದದ್ದು ಹೀಗೆ, ನಂಬರಿನ ಜಾಗದಲ್ಲಿ ನಾನು ಸೊನ್ನೆ ಹಾಕಿದ್ದೇನೆ:

```
**21*0000000000#
```

ಒತ್ತಿದರು. ರಿಂಗ್ ಆಗಲಿಲ್ಲ. ಇಂಗ್ಲಿಷಿನಲ್ಲಿ ಏನೋ ಎರಡು ಸಾಲು ಮೂಡಿ ಮಾಯವಾಯಿತು. "ಆಯ್ತು ಬಿಡ್ರಿ, ಸಂಜೀಕ್ ತಂದ್ ಕೊಡ್ತೀನಿ" ಎಂದವನು ಮತ್ತೆ ಮಾತಾಡಲಿಲ್ಲ.

ಅದು ಯಾರಿಗೂ ಮಾಡಿದ ಕರೆಯಲ್ಲ. ನಂಬರಿಗೆ ಮೊದಲು ಇರುವ 21, ನಮಗೆ ಬರುವ ಕರೆಗಳನ್ನೆಲ್ಲ ಆ ನಂಬರಿಗೆ ತಿರುಗಿಸು ಎಂದು ನೆಟ್‌ವರ್ಕಿಗೆ ಕೊಡುವ ಆಜ್ಞೆ. ಕೆಲವು ಕಂಪನಿಗಳಲ್ಲಿ ಇದೇ ಕೆಲಸಕ್ಕೆ *401* ಇದೆ. ಇಂಥ ಕೋಡ್ ಸೇವೆಯನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ದೂರಸಂಪರ್ಕ ಇಲಾಖೆ ಸೂಚಿಸಿತ್ತು. ಅದನ್ನೇ ನಂಬಿ ಕೂರಬೇಡಿ. ಫೋನಿನ ಸೆಟ್ಟಿಂಗ್ಸ್ ಒಳಗಿಂದಲೂ ಕರೆ ತಿರುಗಿಸಬಹುದು, ಮಾತಲ್ಲೇ ಅಲ್ಲಿಗೂ ಕರೆದೊಯ್ಯುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ತಿರುಗುವುದು ಕರೆ ಮಾತ್ರ, ಎಸ್ಸೆಮ್ಮೆಸ್ ನಮ್ಮ ಫೋನಿಗೇ ಬರುತ್ತದೆ. ಹಾಗಾಗಿ ಕಳ್ಳನಿಗೆ ಬೇಕಾದದ್ದು ದನಿಯಲ್ಲಿ ಬರುವ ಒಟಿಪಿ. ಆತ ತನ್ನ ಫೋನಿನಲ್ಲಿ ಶಿಕ್ಷಕಿಯ ನಂಬರ್ ಹಾಕಿ ವಾಟ್ಸಾಪ್ ತೆರೆದ. ಎಸ್ಸೆಮ್ಮೆಸ್ ಬೇಡ, ಕರೆ ಮಾಡಿ ತಿಳಿಸು ಎಂಬ ಆಯ್ಕೆ ಒತ್ತಿದ. ಆರು ಅಂಕಿಯನ್ನು ಯಂತ್ರ ಅವನ ಕಿವಿಗೇ ಓದಿ ಹೇಳಿತು. ಇವರ ಫೋನಿಗೂ ಅದಕ್ಕೆ ಮೊದಲೇ ವಾಟ್ಸಾಪ್ ಎಸ್ಸೆಮ್ಮೆಸ್ ಬಂದಿತ್ತು, ನೋಡಿರಲಿಲ್ಲ. ಸ್ವಲ್ಪ ಹೊತ್ತಿಗೆ ತಂಗಿ, ಭಾವ, ಹಳೇ ವಿದ್ಯಾರ್ಥಿಗಳಿಗೆಲ್ಲ "ಅರ್ಜೆಂಟ್ ದುಡ್ಡು ಬೇಕು" ಎಂಬ ಮೆಸೇಜ್. ಅನುಮಾನಪಟ್ಟು ಫೋನ್ ಮಾಡಿದವರ ಕರೆಯೂ ಕಳ್ಳನಿಗೇ ಹೋಯಿತು!

ನಿಜವಾದ ಡೆಲಿವರಿಯಲ್ಲೂ ಕೆಲವೊಮ್ಮೆ ಒಟಿಪಿ ಕೇಳುತ್ತಾರೆ, ಗೊಂದಲ ಹುಟ್ಟುವುದೇ ಅಲ್ಲಿ. ಆ ಒಟಿಪಿ ನಿಮಗೆ ಬಂದಿರುತ್ತದೆ, ಎಸ್ಸೆಮ್ಮೆಸಿನಲ್ಲಿ ಆರ್ಡರಿನ ವಿವರ ಇರುತ್ತದೆ. ಪಾರ್ಸೆಲ್ ಕಣ್ಣೆದುರು ಬಂದ ಮೇಲೆ ಹೇಳಿದರಾಯಿತು. ಸ್ಟಾರ್, ಹ್ಯಾಶ್ ಸೇರಿಸಿ ನಿಮ್ಮಿಂದ ಡಯಲ್ ಮಾಡಿಸುವ ಕೆಲಸ ಯಾವ ಡೆಲಿವರಿಗೂ ಬೇಕಿಲ್ಲ.

ಒತ್ತಿಬಿಟ್ಟಿದ್ದರೆ ಮೊದಲು ##002# ಡಯಲ್ ಮಾಡಿ, ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. *#21# ಹಾಕಿ ಖಾತ್ರಿ ಮಾಡಿಕೊಳ್ಳಿ. ಕೋಡ್ ಕೆಲಸ ಮಾಡದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ, ಇಲ್ಲವೇ ಸಿಮ್ ಕಂಪನಿಯ ಕಸ್ಟಮರ್ ಕೇರಿಗೆ ಹೇಳಿ. ಇದಾದ ಮೇಲೆಯೇ ವಾಟ್ಸಾಪನ್ನು ನಿಮ್ಮ ನಂಬರಿನಲ್ಲಿ ಮತ್ತೆ ತೆರೆಯಿರಿ, ಕಳ್ಳ ತಾನಾಗಿ ಹೊರಬೀಳುತ್ತಾನೆ. ಆತ ಅಷ್ಟರಲ್ಲಿ ತನ್ನದೊಂದು ಪಿನ್ ಇಟ್ಟಿದ್ದರೆ ನೀವು ಒಳಹೋಗಲು 7 ದಿನ ಕಾಯಬೇಕು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿರುವ ಟು-ಸ್ಟೆಪ್ ಪಿನ್ ಮೊದಲೇ ನೀವೇ ಇಟ್ಟುಕೊಂಡಿದ್ದರೆ ಆರು ಅಂಕಿ ಸಿಕ್ಕರೂ ಅವನಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಯಾರಾದರೂ ಹಣ ಕಳಿಸಿದ್ದರೆ, ಕಳಿಸಿದವರೇ ವಹಿವಾಟಿನ ನಂಬರ್ ಹಿಡಿದು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದುಡ್ಡು ಮುಂದಿನ ಖಾತೆಗೆ ಜಿಗಿಯುವ ಮೊದಲು ತಿಳಿಸಿದರೆ ಅದನ್ನು ತಡೆಹಿಡಿಸಲು ದಾರಿ ಇರುತ್ತದೆ.