ಆಪ್ ಡಿಲೀಟ್ ಮಾಡಿದ್ಮೇಲೂ ದುಡ್ಡು ಕಟ್ ಆಗ್ತಿರುತ್ತೆ, ಯಾಕೆ?

ಎಷ್ಟೋ ಜನ ಮಾಡೋದು ಇಷ್ಟೇ, ಒಂದು ಆಪ್ ಬೇಡ ಅನ್ಸಿದ್ರೆ ಐಕಾನ್ ಒತ್ತಿ ಹಿಡಿದು ಅನ್‌ಇನ್‌ಸ್ಟಾಲ್ ಕೊಟ್ಟು ಮರೆತುಬಿಡ್ತಾರೆ, ಆಮೇಲೆ ಆರು ತಿಂಗಳು ಬಿಟ್ಟು ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಅದೇ ಹೆಸರಲ್ಲಿ ತಿಂಗಳಿಗೊಂದ್ಸಲ ದುಡ್ಡು ಹೋಗಿರೋದು ಕಾಣುತ್ತೆ. ಬ್ಯಾಂಕಿನವರು ಮೋಸ ಮಾಡಿದ್ರು ಅಂತ ಜಗಳಕ್ಕೆ ಹೋಗ್ತಾರೆ. ಆದ್ರೆ ಬ್ಯಾಂಕ್ ನಾವು ಹೇಳಿದ್ದನ್ನೇ ಮಾಡ್ತಿದೆ. ಇಲ್ಲಿ ಮೂರು ಬೇರೆ ಬೇರೆ ವಸ್ತು ಇವೆ: ಫೋನಲ್ಲಿರೋ ಆಪ್, ಆ ಕಂಪನಿಯ ಸರ್ವರಲ್ಲಿರೋ ನಮ್ಮ ಸಬ್‌ಸ್ಕ್ರಿಪ್ಶನ್, ಮತ್ತೆ ನಮ್ಮ ಅಕೌಂಟಿಗೆ ಅಂಟಿಕೊಂಡಿರೋ ಆಟೋಪೇ ಮ್ಯಾಂಡೇಟ್. ಮೊದಲನೇದನ್ನ ಅಳಿಸಿದ್ರೆ ಉಳಿದ ಎರಡಕ್ಕೆ ಗೊತ್ತೂ ಆಗಲ್ಲ.

ಮ್ಯಾಂಡೇಟ್ ಅಂದ್ರೆ ಮೊತ್ತದ ಜಾಗದಲ್ಲಿ "ಇಷ್ಟರವರೆಗೆ" ಅಂತ ಬರೆದು ಸಹಿ ಹಾಕಿಕೊಟ್ಟ ಚೆಕ್ ಇದ್ದಂಗೆ, ಅದೂ ಒಂದಲ್ಲ, ಒಂದು ಪೂರ್ತಿ ಪುಸ್ತಕ. ನಾವು ಅಂಗಡೀಲಿ ಸ್ಕ್ಯಾನ್ ಮಾಡಿದಾಗ ದುಡ್ಡನ್ನ ನಾವೇ ಕಳಿಸ್ತೀವಿ, ಇದ್ರಲ್ಲಿ ಆ ಕಡೆಯವರೇ ಬಂದು ತಗೊಂಡು ಹೋಗ್ತಾರೆ. ಯುಪಿಐನಲ್ಲಿ ಈ ಆಟೋಪೇನ, ಯುಪಿಐ ನಡೆಸೋ ಸಂಸ್ಥೆ ಎನ್‌ಪಿಸಿಐ ತಂದಿದ್ದು 2020ರ ಜುಲೈಲಿ. ಮೊದಲ ಸಲ ಮಾತ್ರ ಪಿನ್ ಹಾಕ್ಬೇಕು, ಆಮೇಲೆ 15,000 ರೂಪಾಯಿ ಒಳಗಿನ ಪ್ರತಿ ಡೆಬಿಟ್ಟೂ ಪಿನ್ ಇಲ್ದೆ, ಓಟಿಪಿ ಇಲ್ದೆ ಸದ್ದಿಲ್ಲದೆ ಹೋಗುತ್ತೆ. ಈ ಮಿತಿ 5,000 ಇದ್ದದ್ದನ್ನ 2022ರ ಜೂನಲ್ಲಿ ರಿಸರ್ವ್ ಬ್ಯಾಂಕ್ 15,000ಕ್ಕೆ ಏರಿಸ್ತು. ತಿಂಗಳಿಗೆ 199 ಕಟ್ ಆಗೋ ಆಪ್‌ಗೆ ಈ ಮಿತಿ ಲೆಕ್ಕಕ್ಕೇ ಇಲ್ಲ.

ಪಿನ್ ಹಾಕೋ ಆ ಒಂದು ಸ್ಕ್ರೀನಲ್ಲೇ ಎಲ್ಲ ಬರ್ದಿರುತ್ತೆ, ಯಾರೂ ಓದಲ್ಲ ಅಷ್ಟೇ. ದೊಡ್ಡಕ್ಷರದಲ್ಲಿ "2 ರೂಪಾಯಿಗೆ ಟ್ರಯಲ್" ಅಂತಿರುತ್ತೆ, ಅದರ ಕೆಳಗೆ ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ, ಯಾವತ್ತಿನವರೆಗೆ ಅನ್ನೋ ಮೂರು ಸಾಲು. ಗರಿಷ್ಠ 999, ತಿಂಗಳಿಗೊಮ್ಮೆ, ಕೊನೇ ದಿನಾಂಕ ಇನ್ನೂ ಇಪ್ಪತ್ತೋ ಮೂವತ್ತೋ ವರ್ಷ ಆಚೆ, ಹೀಗೆಲ್ಲ ಇರುತ್ತೆ. 2 ರೂಪಾಯಿ ಅನ್ನೋದು ಮೊದಲ ಡೆಬಿಟ್ ಮಾತ್ರ, ನಾವು ಒಪ್ಪಿಕೊಂಡಿರೋದು 999ರ ತನಕ. ಎಷ್ಟು ದಿನಕ್ಕೊಮ್ಮೆ ಅನ್ನೋ ಜಾಗದಲ್ಲಿ As presented ಅಂತಿದ್ರೆ ಇನ್ನೂ ಹುಷಾರು, ಅದರರ್ಥ ಅವರು ಯಾವಾಗ ಕೇಳಿದ್ರೆ ಆವಾಗ.

ಈಗ ಹುಡುಕೋದು ಹೇಗೆ ಅಂತ ನಮ್ಮ ಚಿಕ್ಕಪ್ಪನ ಅಕೌಂಟನ್ನೇ ತಗೊಂಡು ಹೇಳ್ತೀನಿ, ಮೇಷ್ಟ್ರು, ಸಂಬಳದ ಅಕೌಂಟು, ಫೋನಲ್ಲಿ ಮೊಮ್ಮಗ ಆಟ ಆಡ್ತಾನೆ. ಮೂರು ತಿಂಗಳ ಸ್ಟೇಟ್‌ಮೆಂಟ್ ಸಾಲಲ್ಲ, ವರ್ಷಕ್ಕೊಮ್ಮೆ ಹೋಗೋದು ಅದ್ರಲ್ಲಿ ಸಿಗದೇ ಇರಬಹುದು, ಹದಿಮೂರು ತಿಂಗಳದ್ದು ತಗೊಂಡ್ರೆ ವಾರ್ಷಿಕ ಡೆಬಿಟ್ಟೂ ಎರಡು ಸಲ ಕಾಣೋ ಸಾಧ್ಯತೆ ಇರುತ್ತೆ. ನೆಟ್ ಬ್ಯಾಂಕಿಂಗಲ್ಲಿ ಎಕ್ಸೆಲ್ ಫೈಲಾಗಿ ಇಳಿಸಿಕೊಳ್ಳಿ, ಪಿಡಿಎಫ್ ಆದ್ರೆ ಕಣ್ಣಲ್ಲೇ ಹುಡುಕ್ಬೇಕು. ದಿನಾಂಕದ ಪ್ರಕಾರ ಓದಿದ್ರೆ ಏನೂ ಗೊತ್ತಾಗಲ್ಲ, ತರಕಾರಿ, ಔಷಧಿ, ಹಾಲು ಎಲ್ಲದರ ನಡುವೆ ಸಣ್ಣ ಡೆಬಿಟ್ ಅಡಗಿ ಕೂತಿರುತ್ತೆ, ಅದಕ್ಕೆ ಡೆಬಿಟ್ ಕಾಲಮ್ಮನ್ನ ಮೊತ್ತದ ಪ್ರಕಾರ ಸಾರ್ಟ್ ಮಾಡಿ. ಆವಾಗ ಒಂದೇ ಮೊತ್ತದವು ಒಂದರ ಕೆಳಗೊಂದು ಬಂದು ಸಾಲಾಗಿ ನಿಲ್ತವೆ. ಡೆಬಿಟ್ ಸಿ ಕಾಲಮ್ಮಲ್ಲಿದ್ರೆ ಪಕ್ಕದ ಖಾಲಿ ಕಾಲಮ್ಮಿನ ಎರಡನೇ ಸಾಲಲ್ಲಿ ಇದನ್ನ ಹಾಕಿ ಕೆಳಗಿನವರೆಗೂ ಎಳೀರಿ:

```
=COUNTIF(C:C,C2)
```

ಒಂದೊಂದು ಮೊತ್ತ ಎಷ್ಟು ಸಲ ಬಂದಿದೆ ಅಂತ ಹೇಳುತ್ತೆ. ಹಾಲಿನವರಿಗೆ ಕೊಡೋ 50, 100ರಂಥ ಗುಂಡು ಮೊತ್ತಗಳೂ ಬರ್ತವೆ, ಅವನ್ನ ಬಿಟ್ಬಿಡಿ. 49, 99, 149, 199, ಪೈಸೆ ಇರೋವು, ಇವೇ ನಮಗೆ ಬೇಕಾಗಿರೋದು.

ಚಿಕ್ಕಪ್ಪನ ಸ್ಟೇಟ್‌ಮೆಂಟಲ್ಲಿ ಹೀಗೆ ಐದು ಮೊತ್ತ ಮೇಲೆ ಬಂದ್ವು. 20 ಮತ್ತೆ 436, ಎರಡೂ ಮೇ ಕೊನೇಲಿ. ಇದನ್ನ ನೋಡಿ ತುಂಬ ಜನ ಗಾಬರಿ ಆಗ್ತಾರೆ, ಆದ್ರೆ ಇವು ಸರ್ಕಾರದ ವಿಮೆ: 20 ರೂಪಾಯಿ ಸುರಕ್ಷಾ ಬಿಮಾ, ಅಪಘಾತದ್ದು, 436 ಜೀವನ್ ಜ್ಯೋತಿ. ಯಾವತ್ತೋ ಬ್ಯಾಂಕಲ್ಲಿ ಫಾರಂ ತುಂಬಿಸಿಕೊಂಡಿರ್ತಾರೆ, ಪ್ರತಿ ವರ್ಷ ಜೂನ್ 1ಕ್ಕೆ ರಿನ್ಯೂ ಆಗುತ್ತೆ. ಇದನ್ನ ಕ್ಯಾನ್ಸಲ್ ಮಾಡೋಕೆ ಹೋಗ್ಬೇಡಿ ಅಂತ ನಾನಂತೂ ಹೇಳ್ತೀನಿ, 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಬೇರೆ ಕಡೆ ಸಿಗೋದು ಕಷ್ಟ. ಮೂರನೇದು 17.70. ಪೈಸೆ ಇರೋ ಇಂಥ ವಿಚಿತ್ರ ಮೊತ್ತ ಕಂಡ್ರೆ 1.18ರಿಂದ ಭಾಗಿಸಿ ನೋಡಿ, ಸರಿಯಾಗಿ 15 ಬರುತ್ತೆ, ಅಂದ್ರೆ 15 ರೂಪಾಯಿ ಚಾರ್ಜು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಇದು ಬ್ಯಾಂಕಿನ ಎಸ್ಸೆಮ್ಮೆಸ್ ಫೀಸು, ಮ್ಯಾಂಡೇಟಲ್ಲ, ಯುಪಿಐ ಆಪಲ್ಲಿ ಹುಡುಕಿದ್ರೆ ಸಿಗಲ್ಲ, ಬೇಡ ಅಂದ್ರೆ ಬ್ಯಾಂಕಲ್ಲೇ ಕೇಳ್ಬೇಕು.

ಉಳಿದಿದ್ದು 199 ಮತ್ತೆ 49. 199 ತಿಂಗಳಿಗೊಮ್ಮೆ, ವಿವರದ ಸಾಲಲ್ಲಿ Mandate ಅನ್ನೋ ಪದ. 49 ವಾರಕ್ಕೊಮ್ಮೆ, ಹೆಸರು ಗೂಗಲ್ ಪ್ಲೇ ಅಂತ. ಚಿಕ್ಕಪ್ಪ ಹೇಳಿದ್ದು, "199 ದೊಡ್ಡದು, ಅದನ್ನ ಮೊದ್ಲು ನಿಲ್ಸಪ್ಪ, 49 ಬಿಡು, ಚಿಲ್ಲರೆ." ಲೆಕ್ಕ ಹಾಕಿ ತೋರಿಸಿದೆ: 199 ಇಂಟು 12 ಅಂದ್ರೆ ವರ್ಷಕ್ಕೆ 2,388, 49 ಇಂಟು 52 ಅಂದ್ರೆ 2,548. ಚಿಲ್ಲರೆಯೇ ಜಾಸ್ತಿ. 28 ದಿನದ ಪ್ಲಾನಿಗೆ ಆಟೋಪೇ ಹಾಕಿದ್ರೂ ಹಿಂಗೇ, ಹನ್ನೆರಡಲ್ಲ, ವರ್ಷಕ್ಕೆ ಹದಿಮೂರು ಸಲ ಹೋಗುತ್ತೆ, ಹಾಗಾಗಿ ಪ್ರತಿ ತಿಂಗಳು ಒಂದೇ ದಿನಾಂಕಕ್ಕೆ ಬರುತ್ತೆ ಅಂತ ಕಾಯ್ತಾ ಕೂತ್ರೆ ಅದು ಸಿಗೋದೇ ಇಲ್ಲ. ಬ್ಯಾಲೆನ್ಸ್ ಇಲ್ದೆ ಫೇಲಾದಾಗಲೂ ದಿನಾಂಕ ಜರುಗುತ್ತೆ, ಯಾಕಂದ್ರೆ ಯುಪಿಐನಲ್ಲಿ ಮೊದಲ ಯತ್ನದ ಮೇಲೆ ಇನ್ನೂ ಮೂರು ಸಲದವರೆಗೆ ಮತ್ತೆ ಕೇಳ್ಬಹುದು. ಅಕೌಂಟ್ ಖಾಲಿ ಇಟ್ಟು ತಪ್ಪಿಸ್ಕೊಳ್ತೀನಿ ಅನ್ನೋ ಉಪಾಯಕ್ಕೆ ಅರ್ಥ ಇಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ.

199ರ ಕತೆ ಜ್ಯೋತಿಷ್ಯದ ಯಾವುದೋ ಆಪು, ಫೋನಲ್ಲಿ ಈಗ ಇಲ್ಲ. ಚಿಕ್ಕಪ್ಪ ದಿನಾ ಬಳಸೋ ಯುಪಿಐ ಆಪಲ್ಲಿ ಪ್ರೊಫೈಲಿಗೆ ಹೋಗಿ ಆಟೋಪೇ ತೆಗೆದ್ರೆ ಅಲ್ಲಿ ಖಾಲಿ. ಇಲ್ಲೇ ಎಲ್ಲರೂ ಎಡವೋದು. ಮ್ಯಾಂಡೇಟ್ ಯಾವ ಯುಪಿಐ ಆಪಲ್ಲಿ ಒಪ್ಪಿದ್ರೋ ಅದರಲ್ಲೇ ಅದು ಕೂತಿರುತ್ತೆ, ಅಕೌಂಟ್ ಒಂದೇ ಆಗಿದ್ರೂ ಸರಿ. ಪ್ರತಿ ಮ್ಯಾಂಡೇಟಿಗೂ ಯುಎಂಎನ್ ಅಂತ ಒಂದು ಉದ್ದ ನಂಬರಿರುತ್ತೆ, ಮೆಸೇಜಲ್ಲೋ ಮ್ಯಾಂಡೇಟ್ ವಿವರದಲ್ಲೋ ಅದು ಸಿಕ್ರೆ ಕೊನೇಲಿ @ ಆದ್ಮೇಲೆ ಏನಿದೆ ನೋಡಿ. @ybl ಇದ್ರೆ ಫೋನ್‌ಪೇ, @oksbi, @okicici, @okaxis ಥರ ok ಇಂದ ಶುರುವಾದ್ರೆ ಗೂಗಲ್ ಪೇ. ಚಿಕ್ಕಪ್ಪನದ್ದು @ybl, ಆ ಆಪ್ ತೆಗೆದುಹಾಕಿ ಒಂದು ವರ್ಷವಾಗಿತ್ತು. ಅದೇ ನಂಬರಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಿ ಬ್ಯಾಂಕ್ ಸೇರಿಸಿದ ತಕ್ಷಣ ಆಟೋಪೇ ಪಟ್ಟಿಯಲ್ಲಿ ಆಕ್ಟಿವ್ ಅಂತ ಕಾಣಿಸ್ತು. ಯಾವ ಆಪಲ್ಲಿ ಹಾಕಿದ್ದ ಮ್ಯಾಂಡೇಟೇ ಆಗ್ಲಿ ಬೇರೆ ಆಪಲ್ಲೂ ನೋಡೋ ಹಾಗೆ ಮಾಡಿ ಅಂತ 2025ರ ಅಕ್ಟೋಬರಲ್ಲಿ ಎನ್‌ಪಿಸಿಐ ಹೇಳಿದೆ, ನಿಮ್ಮ ಆಪಲ್ಲಿ ಅದು ಬಂದಿದ್ರೆ ಈ ಸುತ್ತಾಟ ಬೇಡ.

ಅಲ್ಲಿ ಎರಡು ಬಟನ್ ಇರುತ್ತೆ, Pause ಮತ್ತೆ Revoke ಅಥವಾ Cancel. ಪಾಜ್ ಅಂದ್ರೆ ತಾತ್ಕಾಲಿಕ, ಕೊಟ್ಟ ಅವಧಿ ಮುಗಿದ್ಮೇಲೆ ಮತ್ತೆ ಶುರುವಾಗುತ್ತೆ. ನಿಲ್ಲಿಸೋದೇ ಆದ್ರೆ ರಿವೋಕ್. ಅದಕ್ಕೆ ಯುಪಿಐ ಪಿನ್ ಕೇಳುತ್ತೆ, ದುಡ್ಡು ಹೋಗುತ್ತೇನೋ ಅಂತ ಹೆದರಿ ವಾಪಸ್ ಬರೋರು ಎಷ್ಟೋ ಜನ. ಪಿನ್ ಹಾಕೋ ಮುಂಚೆ ಮೇಲೆ ಏನು ಬರ್ದಿದೆ ಓದಿ, ಮ್ಯಾಂಡೇಟ್ ರದ್ದು ಅಂತಿದ್ರೆ ಹಾಕಿ. ಇದನ್ನ ನೀವೇ ಆಪ್ ತೆಗೆದು ಮಾಡ್ಬೇಕು, "ನಿಮ್ಮ ಆಟೋಪೇ ಕ್ಯಾನ್ಸಲ್ ಮಾಡಿಕೊಡ್ತೀವಿ" ಅಂತ ಯಾರಾದ್ರೂ ಫೋನ್ ಮಾಡಿ ಪಿನ್ ಹಾಕಿಸೋಕೆ ನೋಡಿದ್ರೆ ಫೋನ್ ಇಟ್ಬಿಡಿ.

49ರದ್ದು ಬೇರೆ ಥರ. ಸ್ಟೇಟ್‌ಮೆಂಟಲ್ಲಿ ಸ್ಟೋರಿನ ಹೆಸರು ಮಾತ್ರ, ಒಳಗಿರೋ ಆಪ್ ಯಾವುದು ಅಂತ ಇಲ್ಲ. ಪ್ಲೇ ಸ್ಟೋರಲ್ಲಿ ಪ್ರೊಫೈಲ್ ಚಿತ್ರ ಒತ್ತಿ Payments & subscriptions ಒಳಗೆ Subscriptions ನೋಡಿದ್ರೂ ಏನೂ ಇರ್ಲಿಲ್ಲ. ಫೋನಲ್ಲಿ ಎರಡು ಜಿಮೇಲ್ ಇತ್ತು, ಸಬ್‌ಸ್ಕ್ರಿಪ್ಶನ್ ಇದ್ದಿದ್ದು ಮೊಮ್ಮಗನಿಗೆ ಅಂತ ಸೇರಿಸಿದ್ದ ಎರಡನೇ ಐಡಿಯಲ್ಲಿ, ಅಕೌಂಟ್ ಬದಲಾಯಿಸಿ ನೋಡಿದಾಗ ಒಂದು ರಿಂಗ್‌ಟೋನ್ ಆಪ್ ಸಿಕ್ತು. ಐಫೋನಲ್ಲಾದ್ರೆ ಸೆಟ್ಟಿಂಗ್ಸಲ್ಲಿ ಮೇಲಿರೋ ನಿಮ್ಮ ಹೆಸರು ಒತ್ತಿ Subscriptions ತೆಗೆದ್ರೆ ಇದೇ ಪಟ್ಟಿ ಬರುತ್ತೆ. ಇಂಥದ್ದನ್ನ ಮೊದಲು ಸ್ಟೋರಲ್ಲೇ ಕ್ಯಾನ್ಸಲ್ ಮಾಡಿ, ಆಮೇಲೆ ಯುಪಿಐ ಆಪಲ್ಲಿ ಮ್ಯಾಂಡೇಟೂ ಹೋಯ್ತಾ ಅಂತ ನೋಡ್ಬೇಕು.

ಈ ಕ್ರಮಕ್ಕೆ ಕಾರಣ ಇದೆ. ಬರೀ ಮ್ಯಾಂಡೇಟ್ ಕಿತ್ತುಹಾಕಿದ್ರೆ ದುಡ್ಡೇನೋ ನಿಲ್ಲುತ್ತೆ, ಆದ್ರೆ ಕಂಪನಿ ಲೆಕ್ಕದಲ್ಲಿ ನೀವಿನ್ನೂ ಗ್ರಾಹಕರೇ, ಬಾಕಿ ಇದೆ ಅಂತ ಮೆಸೇಜ್ ಬರ್ತಿರುತ್ತೆ. ಸಿನಿಮಾ ನೋಡೋ ಆಪಿಗೆ ಇದರಿಂದ ಏನೂ ಆಗಲ್ಲ. ಅದೇ ವಿಮೆ ಆಗಿದ್ರೆ ಪಾಲಿಸಿ ಲ್ಯಾಪ್ಸ್ ಆಗ್ಬಹುದು, ಸಾಲದ ಕಂತಾಗಿದ್ರೆ ದಂಡ ಬಿದ್ದು ಸಿಬಿಲ್ ಸ್ಕೋರೂ ಕೆಡುತ್ತೆ, ಅದಕ್ಕೆ ಪಾಸ್‌ಬುಕ್ಕಲ್ಲಿ ACH ಅಂತ ಶುರುವಾಗೋ ಸಾಲುಗಳನ್ನ, ಅಂದ್ರೆ ಬ್ಯಾಂಕಿನ ನ್ಯಾಚ್ ಮ್ಯಾಂಡೇಟ್‌ಗಳನ್ನ, ಯಾವ ಸಾಲ ಯಾವ ಪಾಲಿಸಿ ಅಂತ ಗೊತ್ತಾಗದೆ ಮುಟ್ಟಬೇಡಿ. ಜ್ಯೋತಿಷ್ಯದ ಆಪಿನಂಥದ್ರಲ್ಲಿ ಕ್ಯಾನ್ಸಲ್ ಬಟನ್ನೇ ಸಿಗದಿದ್ರೆ ಕಾಯೋದು ಬೇಡ, ರಿವೋಕ್ ಮಾಡಿ ಅವರ ಸಪೋರ್ಟ್ ಇಮೇಲಿಗೆ "ಈ ದಿನಾಂಕದಿಂದ ರದ್ದು" ಅಂತ ಎರಡು ಸಾಲು ಕಳ್ಸಿ. ಸೇರೋದು ಸುಲಭ, ಬಿಡೋದು ಕಷ್ಟ ಅನ್ನೋ ಹಾಗೆ ಮಾಡೋದನ್ನ ಸಬ್‌ಸ್ಕ್ರಿಪ್ಶನ್ ಟ್ರ್ಯಾಪ್ ಅಂತ ಹೆಸರಿಟ್ಟು 2023ರ ನವೆಂಬರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನಿಷೇಧಿಸಿದೆ. ದೂರು ಕೊಡೋಕೆ ಗ್ರಾಹಕ ಸಹಾಯವಾಣಿ 1915 ಇದೆ.

ಯಾವಾಗ ಮಾಡ್ಬೇಕು ಅನ್ನೋದೂ ಮುಖ್ಯ. ನಿಯಮದ ಪ್ರಕಾರ ಡೆಬಿಟ್‌ಗೆ ಕನಿಷ್ಠ 24 ಗಂಟೆ ಮುಂಚೆ ಮೆಸೇಜ್ ಬರ್ಬೇಕು, ಬರುತ್ತೆ ಕೂಡ, ಚಿಕ್ಕಪ್ಪನ ಇನ್‌ಬಾಕ್ಸಲ್ಲಿ ಅಂಥವು ಓದದೇ ಬಿದ್ದಿದ್ವು. ಆ ಮೆಸೇಜ್ ಕಂಡ ದಿನವೇ ರಿವೋಕ್ ಮಾಡಿ, ಡೆಬಿಟ್ ದಿನದ ಬೆಳಿಗ್ಗೆ ಅಂತ ಮುಂದಕ್ಕೆ ಹಾಕ್ಬೇಡಿ, ಅಷ್ಟೊತ್ತಿಗೆ ಡೆಬಿಟ್ ಆಗಿಹೋಗಿರಬಹುದು. ರಿವೋಕ್ ಆದ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಯುಎಂಎನ್ ಮತ್ತೆ ದಿನಾಂಕ ಕಾಣೋ ಹಾಗೆ.

ಹಳೇ ದುಡ್ಡು ವಾಪಸ್ ಬರುತ್ತಾ ಅಂದ್ರೆ, ಬ್ಯಾಂಕಿಂದ ಬರೋದು ಕಷ್ಟ. ಪಿನ್ ಹಾಕಿ ಒಪ್ಪಿದ್ದು ನಾವೇ, ಹಾಗಾಗಿ ಅವರ ಲೆಕ್ಕದಲ್ಲಿ ಅದು ವಂಚನೆ ಆಗಲ್ಲ. ಕಂಪನಿಯನ್ನ ಅಥವಾ ಸ್ಟೋರನ್ನ ರೀಫಂಡ್ ಕೇಳ್ಬಹುದು, ಇತ್ತೀಚಿನ ಒಂದೆರಡು ಡೆಬಿಟ್‌ಗೆ ಕೆಲವೊಮ್ಮೆ ಸಿಗುತ್ತೆ. ಆದ್ರೆ ರಿವೋಕ್ ಆದ್ಮೇಲೂ ಕಟ್ ಆದ್ರೆ ಕತೆನೇ ಬೇರೆ, ಆ ಸ್ಕ್ರೀನ್‌ಶಾಟ್ ಸಮೇತ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ನಂಬರ್ ತಗೊಳ್ಳಿ, 30 ದಿನದಲ್ಲಿ ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ cms.rbi.org.in ಅಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಿ, ಫೀಸೇನೂ ಇಲ್ಲ.